ಸ್ವಂತ ದುಡ್ಡಲ್ಲಿ ಆಟ ಕೊಂಡ ಮೇಲೆ ಅಣ್ಣನ ನಕ್ಷೆಗಳೆಲ್ಲ ಕಾಣೆ: ಒಂದೇ ಕಂಪ್ಯೂಟರ್, ಎರಡು ಸ್ಟೀಮ್ ಖಾತೆ

ಬೈತಕೋಲದ ಹುಡುಗ, ಕಾರವಾರ
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಅಣ್ಣ ಡಿಗ್ರಿ ಓದುವಾಗ ಜೋಡಿಸಿದ್ದು. ಯುರೋ ಟ್ರಕ್ ಸಿಮ್ಯುಲೇಟರ್ 2 ಆಟವನ್ನೂ ಅವನೇ ತನ್ನ ಸ್ಟೀಮ್ ಖಾತೆಯಲ್ಲಿ ಕೊಂಡಿದ್ದ. ಜೊತೆಗೆ ಎರಡು ನಕ್ಷೆಯ ಡಿಎಲ್‌ಸಿ: Going East! ಮತ್ತು Scandinavia. ಅವನು ಕೆಲಸಕ್ಕೆ ಬೆಂಗಳೂರಿಗೆ ಹೋಗುವ ಮೊದಲು ನನಗೊಂದು ಖಾತೆ ಮಾಡಿಸಿ, ಸ್ಟೀಮ್ ಫ್ಯಾಮಿಲಿಯಲ್ಲಿ ಸೇರಿಸಿ ಹೋದ. ನನ್ನ ಖಾತೆಯಿಂದಲೇ ಅವನ ಆಟ ಆಡುತ್ತಿದ್ದೆ. ಎರಡೂ ನಕ್ಷೆ ಸರಿಯಾಗಿ ಸಿಗುತ್ತಿತ್ತು.

ನನಗಿಂತ ಜಾಸ್ತಿ ಆಡುವವರು ನಮ್ಮ ಅಪ್ಪ. ಇಪ್ಪತ್ತು ವರ್ಷ ಅರಬೈಲ್ ಘಟ್ಟದಲ್ಲಿ ಲಾರಿ ಓಡಿಸಿದವರು. ಮೊಣಕಾಲು ನೋವಿನಿಂದ ಬಿಟ್ಟರು. ಈಗ ಸಂಜೆ ಕೂತು ಈ ಆಟದಲ್ಲಿ ಲಾರಿ ಓಡಿಸುತ್ತಾರೆ. ನನ್ನ ಖಾತೆಯಲ್ಲೇ ಅವರದ್ದೊಂದು ಬೇರೆ ಪ್ರೊಫೈಲ್ ಇದೆ. ಸ್ಟಾಕ್‌ಹೋಮ್‌ನಲ್ಲಿ ಗ್ಯಾರೇಜು ಮಾಡಿದ್ದಾರೆ, ಆರು ಲಾರಿ ಇವೆ.

ತೊಂದರೆ ಏನೆಂದರೆ, ಭಾನುವಾರ ಅಣ್ಣ ಬೆಂಗಳೂರಲ್ಲಿ ಆಡಲು ಕೂತರೆ ಇಲ್ಲಿ ಅಪ್ಪನಿಗೆ ಆಟ ತೆರೆಯುವುದಿಲ್ಲ. ಪ್ರತಿ ಒಂದೇ ಇದೆ, ಬಳಕೆಯಲ್ಲಿದೆ ಅಂತ ಬರುತ್ತದೆ. ಅದಕ್ಕೆ ಕಳೆದ ವಾರ ಸೇಲ್‌ನಲ್ಲಿ ನನ್ನ ದುಡ್ಡಲ್ಲಿ ಮೂಲ ಆಟ ಮಾತ್ರ ಕೊಂಡೆ. ನಕ್ಷೆ ಹೇಗೂ ಅಣ್ಣನ ಹತ್ತಿರ ಇದೆ ಅಲ್ವಾ ಅಂದುಕೊಂಡೆ.

ಕೊಂಡ ಮೇಲೆ ನಕ್ಷೆ ಎರಡೂ ಹೋಯಿತು. ಅಪ್ಪನ ಪ್ರೊಫೈಲ್ ತೆರೆದರೆ ಕೆಲವು ಡಿಎಲ್‌ಸಿ ಇಲ್ಲ ಅಂತ ಎಚ್ಚರಿಕೆ ಬರುತ್ತದೆ. ಅಪ್ಪ ಹೆದರಿ ಮುಂದೆ ಹೋಗಲಿಲ್ಲ, ವಾಪಸ್ ಬಂದರು. ಅಣ್ಣ ಊರಿಗೆ ಬಂದಾಗ ಅವನ ಖಾತೆಯಿಂದ ಇದೇ ಕಂಪ್ಯೂಟರಲ್ಲಿ ತೆರೆದ. ಅವನಿಗೆ ಎಲ್ಲ ನಕ್ಷೆ ಇವೆ. ಡಿಸ್ಕಿನಲ್ಲಿ ಫೈಲು ಇದೆ, ಮನೆಯಲ್ಲಿ ಲೈಸೆನ್ಸ್ ಇದೆ, ದುಡ್ಡು ಕೊಟ್ಟ ನನಗೆ ಮಾತ್ರ ಇಲ್ಲ. ನಾನೇನು ತಪ್ಪು ಮಾಡಿದೆ?

---

ತೋಟದ ಮನೆ, ಶಿರಸಿ
ಶನಿವಾರ, ರಾತ್ರಿ 10:05

ಫೈಲ್ ಹಾಳಾಗಿದೆ. ಲೈಬ್ರರಿಯಲ್ಲಿ ಆಟದ ಮೇಲೆ ಬಲ ಕ್ಲಿಕ್ ಮಾಡಿ Properties, ಅದರಲ್ಲಿ Installed Files, ಅಲ್ಲಿ Verify integrity of game files ಒತ್ತಿ. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ಅರ್ಧ ಇಳಿದ ಆಟಗಳು ಹೀಗೇ ಆಗುತ್ತವೆ. ಹತ್ತು ನಿಮಿಷದಲ್ಲಿ ಸರಿಯಾಗುತ್ತದೆ.

---

ಬೈತಕೋಲದ ಹುಡುಗ
ಶನಿವಾರ, ರಾತ್ರಿ 10:50

ಮಾಡಿದೆ. ಎಲ್ಲ ಫೈಲು ಸರಿ ಇದೆ ಅಂತ ಬಂತು. ಏನೂ ಬದಲಾಗಲಿಲ್ಲ. ಹೋದ ವಾರ ಪೂರ್ತಿ ತೆಗೆದು ಹೊಸದಾಗಿ ಇಳಿಸಿಯೂ ನೋಡಿದ್ದೆ. ಅಷ್ಟು ಡೇಟಾ ಸುಮ್ನೆ ಖರ್ಚಾಯಿತು.

---

ಓಂ ಬೀಚ್ ಗಾಳಿ, ಗೋಕರ್ಣ
ಶನಿವಾರ, ರಾತ್ರಿ 11:20

ಫೈಲಿನ ಮಾತೇ ಅಲ್ಲ ಇದು. ನಿಮ್ಮಣ್ಣ ಈ ಕಂಪ್ಯೂಟರಿಗೆ ಅನುಮತಿ ಕೊಟ್ಟಿರಲಿಕ್ಕಿಲ್ಲ. ಅವನು ನಿಮ್ಮ ಕಂಪ್ಯೂಟರಲ್ಲಿ ಒಮ್ಮೆ ಲಾಗಿನ್ ಆಗಿ, ಸೆಟ್ಟಿಂಗ್ಸ್‌ನಲ್ಲಿ ಈ ಯಂತ್ರವನ್ನು ಒಪ್ಪಬೇಕು. ಹತ್ತು ಯಂತ್ರ, ಐದು ಖಾತೆ ತನಕ ಒಪ್ಪಬಹುದು. ನಾನು ನನ್ನ ಚಿಕ್ಕಪ್ಪನ ಮಗನಿಗೆ ಹಾಗೇ ಮಾಡಿಕೊಟ್ಟಿದ್ದೆ.

---

ಅಂಕೋಲೆ ಸ್ಕ್ರೂಡ್ರೈವರ್
ಭಾನುವಾರ, ಬೆಳಿಗ್ಗೆ 7:15

ಗೋಕರ್ಣದವರೆ, ನೀವು ಹೇಳಿದ್ದು ಹಳೆಯ ಫ್ಯಾಮಿಲಿ ಶೇರಿಂಗ್‌ಗೆ ಸರಿಯಾಗಿತ್ತು. ಹತ್ತು ಯಂತ್ರ, ಐದು ಖಾತೆ ಅನ್ನುವ ಲೆಕ್ಕವೂ ಅದರದ್ದೇ. 2024ರ ಮಾರ್ಚ್‌ನಲ್ಲಿ ಸ್ಟೀಮ್ ಫ್ಯಾಮಿಲೀಸ್ ಪ್ರಯೋಗಕ್ಕೆ ಬಂತು, ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಬಂತು. ಈಗ ಅನುಮತಿ ಯಂತ್ರಕ್ಕೆ ಅಲ್ಲ, ಖಾತೆಗೆ. ಒಂದು ಕುಟುಂಬದಲ್ಲಿ ಆರು ಖಾತೆ.

ಶಿರಸಿಯವರೆ, ಫೈಲು ಪರೀಕ್ಷೆ ಒಳ್ಳೆಯ ಅಭ್ಯಾಸ. ಆದರೆ ಅದೇ ಫೈಲಿನಿಂದ ಅಣ್ಣನಿಗೆ ನಕ್ಷೆ ತೆರೆಯುತ್ತಿದೆ. ಹಾಗಾಗಿ ಫೈಲಿನಲ್ಲಿ ದೋಷ ಇಲ್ಲ. ಒಂದೇ ಕಂಪ್ಯೂಟರಲ್ಲಿ ಎರಡು ಖಾತೆ ಇದ್ದಾಗ ನಾನು ಮೊದಲು ನೋಡುವುದು ಇದನ್ನೇ. ಒಂದು ಖಾತೆಗೆ ಬಂದು ಇನ್ನೊಂದಕ್ಕೆ ಬರದಿದ್ದರೆ ಡಿಸ್ಕನ್ನು ಮುಟ್ಟಬೇಡಿ. ಅಳಿಸಿ ಇಳಿಸುವುದು ಬೇಡವೇ ಬೇಡ.

ತಮ್ಮಾ, ಮೂರು ಕೆಲಸ ಮಾಡು, ಆಮೇಲೆ ಹೇಳುತ್ತೇನೆ.

ಮೊದಲು `store.steampowered.com/account/licenses` ಪುಟವನ್ನು ನಿನ್ನ ಖಾತೆಯಿಂದ ತೆರೆ. ಅಲ್ಲಿ ನಿನ್ನ ಹೆಸರಲ್ಲಿ ಇರುವುದು ಮಾತ್ರ ಕಾಣುತ್ತದೆ. ಎರವಲು ಆಟ ಕಾಣುವುದಿಲ್ಲ. ಟ್ರಕ್ ಆಟಕ್ಕೆ ಸಂಬಂಧಿಸಿ ಏನೇನಿದೆ ಹೇಳು.

ಎರಡನೆಯದು, ಸ್ಟೀಮ್ ಇರುವ ಫೋಲ್ಡರಿನಲ್ಲಿ `steamapps` ಒಳಗೆ `appmanifest_227300.acf` ಅಂತ ಒಂದು ಫೈಲು ಇದೆ. 227300 ಈ ಆಟದ ನಂಬರು. ನೋಟ್‌ಪ್ಯಾಡಿನಲ್ಲಿ ತೆರೆದು LastOwner ಸಾಲು ನೋಡು. ಪೂರ್ತಿ ನಂಬರು ಇಲ್ಲಿ ಹಾಕಬೇಡ. ನಿನ್ನದೋ ಅಣ್ಣನದೋ ಅಷ್ಟು ಹೇಳಿದರೆ ಸಾಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅಪ್ಪನ ಪ್ರೊಫೈಲನ್ನು ಈಗ ಯಾರೂ ತೆರೆಯಬೇಡಿ. ಆ ಎಚ್ಚರಿಕೆ ದಾಟಿ ಒಳಗೆ ಹೋದರೆ ಆಟ ತಾನೇ ಸೇವ್ ಮಾಡುತ್ತದೆ. ಸ್ಟಾಕ್‌ಹೋಮ್ ಇಲ್ಲದ ನಕ್ಷೆಯ ಮೇಲೆ ಸೇವ್ ಆದರೆ ಗ್ಯಾರೇಜು ಎಲ್ಲಿ ಉಳಿಯುತ್ತದೆ? ನಿನ್ನಪ್ಪ ವಾಪಸ್ ಬಂದದ್ದು ಬಹಳ ಒಳ್ಳೆಯದಾಯಿತು.

---

ಬೈತಕೋಲದ ಹುಡುಗ
ಭಾನುವಾರ, ಬೆಳಿಗ್ಗೆ 8:30

ಅಪ್ಪನಿಗೆ ಹೇಳಿದ್ದೇನೆ, ಮುಟ್ಟುವುದಿಲ್ಲ ಅಂದರು.

ಲೈಸೆನ್ಸ್ ಪುಟದಲ್ಲಿ ಟ್ರಕ್ ಆಟದ್ದು ಒಂದೇ ಸಾಲು ಇದೆ, ನಾನು ಕೊಂಡ ತಾರೀಖಿನದ್ದು. ಡಿಎಲ್‌ಸಿ ಯಾವುದೂ ಇಲ್ಲ. ಆ ಫೈಲು ಹೀಗಿದೆ:

```
"AppState"
{
    "appid"       "227300"
    "name"        "Euro Truck Simulator 2"
    "installdir"  "Euro Truck Simulator 2"
    "LastOwner"   "7656119XXXXXXXXXX"
}
```

ನಡುವೆ ಬೇರೆ ಸಾಲುಗಳೂ ಇವೆ, ಬಿಟ್ಟಿದ್ದೇನೆ. ನಂಬರು ನನ್ನದೇ. ಅಲ್ಲಿ ಅಣ್ಣನ ನಂಬರು ಬರೆದು ಉಳಿಸಿದರೆ ಸರಿಯಾಗುತ್ತದಾ?

---

ಅಂಕೋಲೆ ಸ್ಕ್ರೂಡ್ರೈವರ್
ಭಾನುವಾರ, ಬೆಳಿಗ್ಗೆ 9:10

ಆಗುವುದಿಲ್ಲ. ಆ ಸಾಲು ಒಂದು ಗುರುತು ಅಷ್ಟೇ, ಕೊನೆಗೆ ಯಾರ ಪ್ರತಿಯ ಲೆಕ್ಕದಲ್ಲಿ ಆಟ ನಡೆಯಿತು ಅಂತ. ಲೈಸೆನ್ಸ್ ಇರುವುದು ಸ್ಟೀಮಿನ ಸರ್ವರಿನಲ್ಲಿ, ಖಾತೆಯ ಹೆಸರಿನಲ್ಲಿ. ನಿನ್ನ ಡಿಸ್ಕಿನಲ್ಲಿ ಏನು ತಿದ್ದಿದರೂ ಅಲ್ಲಿ ಬದಲಾಗುವುದಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನೀನು ತಪ್ಪು ಮಾಡಿಲ್ಲ. ಎರವಲಿನ ನಿಯಮ ಗೊತ್ತಿರಲಿಲ್ಲ.

ಮೊದಲು ನಿನ್ನ ಖಾತೆಯಲ್ಲಿ ಆಟ ಇರಲಿಲ್ಲ. ಆಗ ನೀನು ಎರವಲು ತಂದದ್ದು ಅಣ್ಣನ ಪ್ರತಿಯನ್ನು. ಆ ಪ್ರತಿಯ ಜೊತೆಗೆ ಅವನ ಡಿಎಲ್‌ಸಿಯೂ ಬಂತು. ಪ್ರತಿ ಮತ್ತು ಅದರ ಡಿಎಲ್‌ಸಿ ಒಂದೇ ಗಂಟು. ಅರ್ಧ ಗಂಟು ಎರವಲು ಸಿಗುವುದಿಲ್ಲ. ನೀನು ಸ್ವಂತ ಪ್ರತಿ ಕೊಂಡ ಕೂಡಲೇ ಸ್ಟೀಮ್ ನಿನ್ನ ಪ್ರತಿಯನ್ನೇ ತೆರೆಯತೊಡಗಿತು. ಆ ಗಂಟಿನಲ್ಲಿ ಮೂಲ ಆಟ ಬಿಟ್ಟು ಬೇರೇನೂ ಇಲ್ಲ. ಅಣ್ಣನ ನಕ್ಷೆಯನ್ನು ನಿನ್ನ ಪ್ರತಿಗೆ ಅಂಟಿಸುವ ದಾರಿ ಇಲ್ಲ. LastOwner ನಿನ್ನ ನಂಬರು ತೋರಿಸುತ್ತಿರುವುದೂ ಅದಕ್ಕೇ.

ನಕ್ಷೆಯ ಫೈಲು ಡಿಸ್ಕಿನಲ್ಲಿ ಇದ್ದರೂ ಆಟ ಶುರುವಾಗುವಾಗ ಈ ಖಾತೆಗೆ ಈ ಡಿಎಲ್‌ಸಿ ಇದೆಯಾ ಅಂತ ಸ್ಟೀಮನ್ನು ಕೇಳುತ್ತದೆ. ಇಲ್ಲ ಅಂದರೆ ಫೈಲು ಇದ್ದೂ ಇಲ್ಲದ ಹಾಗೆ.

---

ಬೈತಕೋಲದ ಹುಡುಗ
ಭಾನುವಾರ, ಬೆಳಿಗ್ಗೆ 9:25

ಅಂದರೆ ದುಡ್ಡು ಕೊಟ್ಟು ಇದ್ದದ್ದನ್ನು ಕಳಕೊಂಡೆ. ಇದನ್ನು ಕೊಳ್ಳುವಾಗ ಯಾರೂ ಹೇಳಲಿಲ್ಲವಲ್ಲ. ವಾಪಸ್ ಕೊಡಬಹುದಾ?

---

ಯಲ್ಲಾಪುರ ಘಟ್ಟ
ಭಾನುವಾರ, ಬೆಳಿಗ್ಗೆ 10:00

ಕೊಂಡು 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಸಿಗುತ್ತದೆ. `help.steampowered.com` ಗೆ ಹೋಗಿ ಕೇಳಿ. ಕೊಂಡು ಒಂದು ವಾರ ಆಯಿತು ಅಂದಿರಿ, ಹಾಗಾದರೆ ದಿನ ಇದೆ.

---

ಬೈತಕೋಲದ ಹುಡುಗ
ಭಾನುವಾರ, ಬೆಳಿಗ್ಗೆ 10:12

ಕೊಂಡ ಮೇಲೆ ಆಡಿದ್ದು ಮುಕ್ಕಾಲು ಗಂಟೆಯೂ ಇಲ್ಲ. ಆದರೆ ಲೈಬ್ರರಿಯಲ್ಲಿ 212 ಗಂಟೆ ಅಂತ ತೋರಿಸುತ್ತದೆ. ಅದು ಅಣ್ಣನ ಪ್ರತಿಯಲ್ಲಿ ನಾನು ಮತ್ತು ಅಪ್ಪ ಆಡಿದ್ದು. ಅದನ್ನು ಲೆಕ್ಕ ಹಿಡಿಯುತ್ತಾರಾ?

---

ಯಲ್ಲಾಪುರ ಘಟ್ಟ
ಭಾನುವಾರ, ಬೆಳಿಗ್ಗೆ 10:30

ಹಿಡಿಯಲಿಕ್ಕಿಲ್ಲ. ಎರವಲು ಆಡಿದ್ದು ಬೇರೆ, ಕೊಂಡದ್ದು ಬೇರೆ.

ಓಂ ಬೀಚ್ ಗಾಳಿ
ಭಾನುವಾರ, ಬೆಳಿಗ್ಗೆ 10:34

ಹಿಡಿಯುತ್ತಾರೆ. ಖಾತೆ ಒಂದೇ, ಆಟ ಒಂದೇ, ಗಂಟೆಯೂ ಒಂದೇ ಕಡೆ ಕೂಡುತ್ತದೆ. ನನ್ನ ಸ್ನೇಹಿತನಿಗೆ ಇದೇ ಕಾರಣಕ್ಕೆ ಸಿಗಲಿಲ್ಲ.

ಅಂಕೋಲೆ ಸ್ಕ್ರೂಡ್ರೈವರ್
ಭಾನುವಾರ, ಬೆಳಿಗ್ಗೆ 10:50

ಇದನ್ನು ನಾವು ಇಲ್ಲಿ ಕೂತು ತೀರ್ಮಾನ ಮಾಡುವುದು ಬೇಡ. ನಿಯಮದ ಹೊರಗೆ ಇದ್ದರೂ ಕೇಳಬಹುದು, ನೋಡುತ್ತೇವೆ ಅಂತ ಅವರ ಪುಟದಲ್ಲೇ ಇದೆ. ಕೇಳುವಾಗ ಕಾರಣ ಬರೆಯುವ ಜಾಗ ಇರುತ್ತದೆ. ಫ್ಯಾಮಿಲಿ ಪ್ರತಿಯಲ್ಲಿ ಆಡಿದ ಗಂಟೆ ಯಾವುದು, ಕೊಂಡ ಮೇಲೆ ಆಡಿದ್ದು ಎಷ್ಟು ಅಂತ ನೇರ ಬರೆಯಬೇಕು.

ಆದರೆ ತಮ್ಮಾ, ವಾಪಸ್ ಕೊಡುವ ಮೊದಲು ಒಂದು ಯೋಚನೆ ಮಾಡು. ವಾಪಸ್ ಕೊಟ್ಟರೆ ನಕ್ಷೆ ಬರುತ್ತದೆ. ಜೊತೆಗೆ ಭಾನುವಾರದ ಜಗಳವೂ ವಾಪಸ್ ಬರುತ್ತದೆ. ಒಂದು ಪ್ರತಿಯನ್ನು ಒಂದು ಹೊತ್ತಿಗೆ ಒಬ್ಬರೇ ಆಡಬಹುದು.

---

ಭಟ್ಕಳ ಮಲ್ಲಿಗೆ
ಭಾನುವಾರ, ಮಧ್ಯಾಹ್ನ 12:15

ನಂದೂ ಹೀಗೇ ಒಂದು ಕಷ್ಟ. ನನ್ನ ಭಾವ ದುಬೈಯಲ್ಲಿ ಇರುವುದು. ಅವರ ಖಾತೆಯಲ್ಲಿ ನೂರಕ್ಕೂ ಜಾಸ್ತಿ ಆಟ ಇವೆ. ಊರಿಗೆ ಬಂದಾಗ ನಮ್ಮ ಕಂಪ್ಯೂಟರಲ್ಲಿ ಲಾಗಿನ್ ಆಗಿ ಆಡುತ್ತಿದ್ದರು, ಎಲ್ಲ ಆಟ ಇಳಿಸಿಟ್ಟು ಹೋದರು. ಅವರು ಹೋದ ಮೇಲೆ ನನ್ನ ಖಾತೆಗೆ ಬದಲಾಯಿಸಿದರೆ Play ಇದ್ದ ಜಾಗದಲ್ಲಿ ಕೊಳ್ಳಲು ಹೇಳುತ್ತದೆ. ಒಂದು ಆಟಕ್ಕೆ No Licenses ಅಂತ ಬಂತು. ಅವರ ಫ್ಯಾಮಿಲಿಗೆ ಸೇರೋಣ ಅಂತ ನನ್ನ ಗೆಳೆಯರ ಫ್ಯಾಮಿಲಿಯಿಂದ ಹೊರಗೆ ಬಂದೆ. ಈಗ ಇವರ ಫ್ಯಾಮಿಲಿಗೂ ಸೇರಿಸಿಕೊಳ್ಳುತ್ತಿಲ್ಲ. ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ.

---

ಅಂಕೋಲೆ ಸ್ಕ್ರೂಡ್ರೈವರ್
ಭಾನುವಾರ, ಮಧ್ಯಾಹ್ನ 1:40

ಭಟ್ಕಳದವರೆ, ನಿಮ್ಮದು ಎರಡು ಗಂಟು ಸೇರಿಕೊಂಡಿದೆ.

ಒಂದು, ದೇಶ. ಫ್ಯಾಮಿಲಿಯ ಎಲ್ಲ ಖಾತೆಗಳ ಸ್ಟೋರ್ ಒಂದೇ ದೇಶದ್ದು ಇರಬೇಕು. ನಿಮ್ಮದು ಭಾರತ, ಭಾವನದು ಅಲ್ಲಿಯದು. ಅವರು ಖಾಯಂ ಊರಿಗೆ ಬಂದರೆ ಇಲ್ಲಿಯ ಕಾರ್ಡಿನಿಂದ ಕೊಂಡು ದೇಶ ಬದಲಾಯಿಸಬಹುದು, ಅದೂ ಮೂರು ತಿಂಗಳಿಗೆ ಒಂದೇ ಸಲ. ರಜೆಗೆ ಬಂದಾಗ ಹಾಗೆ ಮಾಡಿಸಬೇಡಿ. ವಾಪಸ್ ಹೋದ ಮೇಲೆ ಅವರಿಗೇ ತೊಂದರೆ.

ಇನ್ನೊಂದು, ನೀವು ಹೊರಗೆ ಬಂದದ್ದು. ದೊಡ್ಡವರು ಒಂದು ಫ್ಯಾಮಿಲಿ ಬಿಟ್ಟರೆ, ಅದಕ್ಕೆ ಸೇರಿದ ದಿನದಿಂದ ಒಂದು ವರ್ಷ ತುಂಬುವ ತನಕ ಇನ್ನೊಂದು ಫ್ಯಾಮಿಲಿಗೆ ಸೇರುವ ಹಾಗಿಲ್ಲ. ಹೊಸದು ಕಟ್ಟುವ ಹಾಗೂ ಇಲ್ಲ. ನೀವು ಬಿಟ್ಟ ಜಾಗವೂ ಒಂದು ವರ್ಷ ಬೇರೆಯವರಿಗೆ ಸಿಗುವುದಿಲ್ಲ. ಸೇರಿ ಎಷ್ಟು ದಿನ ಆಗಿತ್ತು?

ಭಟ್ಕಳ ಮಲ್ಲಿಗೆ
ಭಾನುವಾರ, ಮಧ್ಯಾಹ್ನ 1:55

ಎರಡು ತಿಂಗಳು.

ಅಂಕೋಲೆ ಸ್ಕ್ರೂಡ್ರೈವರ್
ಭಾನುವಾರ, ಮಧ್ಯಾಹ್ನ 2:05

ಹಾಗಾದರೆ ಇನ್ನು ಹತ್ತು ತಿಂಗಳು ಕಾಯಬೇಕು. ಬೇಜಾರಾಗಬೇಡಿ, ನಿಮ್ಮ ಸ್ವಂತ ಆಟಗಳಿಗೆ ಏನೂ ಆಗುವುದಿಲ್ಲ. ಆದರೆ ಅದಕ್ಕೇ ಹೇಳುತ್ತೇನೆ, ಗೆಳೆಯರ ಜೊತೆ ಫ್ಯಾಮಿಲಿ ಕಟ್ಟಬಾರದು. ಅದು ಒಂದೇ ಮನೆಯವರಿಗೆ ಅಂತ ಮಾಡಿದ್ದು.

ಯಲ್ಲಾಪುರ ಘಟ್ಟ
ಭಾನುವಾರ, ಮಧ್ಯಾಹ್ನ 2:30

ಇನ್ನೂ ಒಂದು ಕಾರಣ ಇದೆ. ನಿಮ್ಮ ಪ್ರತಿಯಲ್ಲಿ ಬೇರೆಯವರು ಆಡುವಾಗ ಮೋಸ ಮಾಡಿ ಸಿಕ್ಕಿಬಿದ್ದರೆ ಆ ಆಟದಲ್ಲಿ ನಿಮಗೂ ನಿಷೇಧ ಬೀಳುತ್ತದೆ. ನಮ್ಮ ಹಾಸ್ಟೆಲಿನಲ್ಲಿ ಒಬ್ಬನಿಗೆ ಹೀಗಾಗಿತ್ತು. ತಾನು ಆಡದ ತಪ್ಪಿಗೆ ಖಾತೆಯಲ್ಲಿ ಕಪ್ಪು ಚುಕ್ಕೆ ಉಳಿಯಿತು.

ತೋಟದ ಮನೆ
ಭಾನುವಾರ, ಮಧ್ಯಾಹ್ನ 3:00

ಒಂದೇ ಮನೆ ಅಂದರೆ ಬೆಂಗಳೂರಿನ ಅಣ್ಣ ಯಾವ ಲೆಕ್ಕ? ನಮ್ಮಲ್ಲಿ ಅರ್ಧ ಮನೆ ಬೆಂಗಳೂರಲ್ಲೇ ಇರುವುದು.

ಅಂಕೋಲೆ ಸ್ಕ್ರೂಡ್ರೈವರ್
ಭಾನುವಾರ, ಮಧ್ಯಾಹ್ನ 3:20

ಇವರು ಕಾರವಾರದ ಮನೆಯಲ್ಲಿ ಒಟ್ಟಿಗೆ ಇದ್ದಾಗಲೇ ಸೇರಿದ್ದಾರೆ, ಅಣ್ಣನೂ ಊರಿಗೆ ಬಂದು ಹೋಗಿ ಮಾಡುತ್ತಾನೆ. ನಿಯಮದ ಅಕ್ಷರ ನೋಡಿದರೆ ಒಂದೇ ಮನೆ ಅಂತಲೇ ಇದೆ. ಓದಲು, ಕೆಲಸಕ್ಕೆ ಹೊರಗೆ ಇರುವ ಮಕ್ಕಳನ್ನು ಹೇಗೆ ನೋಡುತ್ತಾರೆ ಅಂತ ನಾನು ಖಚಿತ ಹೇಳಲಾರೆ.

---

ಕುಮಟೆ ಅಕ್ಕೋರು
ಭಾನುವಾರ, ಸಂಜೆ 4:10

ನಾನು ಸ್ಟೀಮ್ ಬಳಸುವುದಿಲ್ಲ, ಆದರೂ ಕೇಳಿಬಿಡುತ್ತೇನೆ. ಮಗನಿಗೆ ಮೈನ್‌ಕ್ರಾಫ್ಟ್ ಕೊಡಿಸಿದ್ದೆ, ನನ್ನ ಇಮೇಲ್‌ನಲ್ಲಿ. ನನ್ನ ಶಾಲೆಯ ಕೆಲಸಕ್ಕೂ ಅದೇ ಕಂಪ್ಯೂಟರ್. ಈಗ ಅವನಿಗೆ ಬೇರೆ ಇಮೇಲ್ ಮಾಡಿಕೊಟ್ಟ ಮೇಲೆ 0x803F8001 ಅಂತ ಬಂದು ಆಟ ತೆರೆಯುವುದಿಲ್ಲ. ಅವನು ಅಳುತ್ತಾ ಕೂತಿದ್ದಾನೆ. ಇದೂ ಇದೇ ಕಾರಣವೇ?

ಅಂಕೋಲೆ ಸ್ಕ್ರೂಡ್ರೈವರ್
ಭಾನುವಾರ, ಸಂಜೆ 4:30

ಬೇರು ಒಂದೇ ಅಕ್ಕೋರೆ. ಅಲ್ಲಿ ನೋಡಬೇಕಾದ ಜಾಗ ಎರಡು: Microsoft Store ಮತ್ತು Xbox ಆ್ಯಪ್. ಎರಡಕ್ಕೂ ಬೇರೆ ಬೇರೆ ಖಾತೆಯಿಂದ ಲಾಗಿನ್ ಆಗಿರಬಹುದು, ವಿಂಡೋಸ್‌ಗೆ ಇನ್ನೊಂದು. ಎರಡೂ ಆ್ಯಪ್ ತೆರೆದು ಮೂಲೆಯಲ್ಲಿರುವ ಚಿತ್ರ ಒತ್ತಿ, ಯಾರ ಇಮೇಲ್ ಇದೆ ನೋಡಿ. ಆಟ ಯಾರದು ಅಂತ ನೋಡುವುದು ಸ್ಟೋರ್. ಅಲ್ಲಿ ನಿಮ್ಮ ಇಮೇಲ್ ಇರಬೇಕು. ಈಗ ಮಗನದು ಇದೆ ಅನಿಸುತ್ತದೆ.

ಕುಮಟೆ ಅಕ್ಕೋರು
ಭಾನುವಾರ, ಸಂಜೆ 5:15

ಹೌದು, ಸ್ಟೋರಿನಲ್ಲಿ ಅವನದಿತ್ತು. ನನ್ನದು ಹಾಕಿದೆ, ತೆರೆಯಿತು. ಅವನು ಕಟ್ಟಿದ ಊರು ಹಾಗೇ ಇದೆ. ತುಂಬಾ ಉಪಕಾರವಾಯಿತು.

---

ದಾಂಡೇಲಿ ಕಾಗದ
ಭಾನುವಾರ, ಸಂಜೆ 6:00

ನಾನೊಂದು ಅಂಗಡಿಯಲ್ಲಿ ಹಳೆಯ ಕಂಪ್ಯೂಟರ್ ಕೊಂಡೆ. ಇಪ್ಪತ್ತು ಆಟ ಫ್ರೀ ಅಂದಿದ್ದರು. ಒಂದು ತಿಂಗಳು ನಡೆಯಿತು, ಆಮೇಲೆ ಪಾಸ್‌ವರ್ಡ್ ಕೇಳಿತು. ಈಗ ಅಂಗಡಿಯವರು ಫೋನ್ ಎತ್ತುವುದಿಲ್ಲ. ನನ್ನ ಖಾತೆಯಲ್ಲಿ ಎಲ್ಲದಕ್ಕೂ ಕೊಳ್ಳು ಅಂತ ಬರುತ್ತದೆ. LastOwner ಯಾವುದೋ ಗೊತ್ತಿಲ್ಲದ ನಂಬರು.

ಅಂಕೋಲೆ ಸ್ಕ್ರೂಡ್ರೈವರ್
ಭಾನುವಾರ, ಸಂಜೆ 6:20

ಅವರು ನಿಮಗೆ ಆಟ ಮಾರಿಲ್ಲ, ತಮ್ಮ ಖಾತೆಯನ್ನು ತೆರೆದಿಟ್ಟು ಕೊಟ್ಟಿದ್ದಾರೆ. ಒಂದೇ ಖಾತೆ ಹತ್ತು ಕಂಪ್ಯೂಟರಿಗೆ ಹಾಕಿರಲೂಬಹುದು. ಆ ಆಟಗಳು ನಿಮ್ಮವಾಗುವ ದಾರಿ ಇಲ್ಲ. ಅಂಗಡಿಯ ಬಿಲ್ಲಿನಲ್ಲಿ ಆಟದ ಮಾತು ಬರೆದಿದ್ದರೆ ಅದನ್ನು ಹಿಡಿದು ಅವರ ಹತ್ತಿರವೇ ಕೇಳಿ. ಫೈಲು ಅಳಿಸುವ ಅವಸರ ಬೇಡ. ಅವುಗಳಲ್ಲಿ ಯಾವುದನ್ನಾದರೂ ನಿಮ್ಮ ಖಾತೆಯಲ್ಲಿ ಕೊಂಡರೆ ಅದೇ ಫೈಲು ಕೆಲಸಕ್ಕೆ ಬರುತ್ತದೆ, ಮತ್ತೆ ಪೂರ್ತಿ ಇಳಿಸಬೇಕಾಗಿಲ್ಲ.

---

ಬೈತಕೋಲದ ಹುಡುಗ
ಭಾನುವಾರ, ರಾತ್ರಿ 8:00

ಅಣ್ಣಾ, ನನ್ನ ವಿಷಯಕ್ಕೆ ಬನ್ನಿ. ನನಗೆ ತೋಚಿದ್ದು ಮೂರು ದಾರಿ. ವಾಪಸ್ ಕೊಡುವುದು. ಇಲ್ಲವಾದರೆ ನಕ್ಷೆಯನ್ನೂ ನಾನೇ ಕೊಳ್ಳುವುದು, ಆದರೆ ಈ ತಿಂಗಳು ಅಷ್ಟು ದುಡ್ಡಿಲ್ಲ. ಇಲ್ಲವಾದರೆ ಅಪ್ಪ ಅಣ್ಣನ ಖಾತೆಯಲ್ಲೇ ಆಡುವುದು.

---

ಅಂಕೋಲೆ ಸ್ಕ್ರೂಡ್ರೈವರ್
ಭಾನುವಾರ, ರಾತ್ರಿ 9:05

ಇನ್ನೊಂದು ದಾರಿ ಇದೆ. ಅಪ್ಪನಿಗೆ ಸ್ವಂತ ಖಾತೆ ಮಾಡಿಸು.

ಅಪ್ಪನ ಖಾತೆಯಲ್ಲಿ ಟ್ರಕ್ ಆಟ ಇರುವುದಿಲ್ಲ. ಫ್ಯಾಮಿಲಿಗೆ ಸೇರಿದರೆ ಅವರು ಎರವಲು ತರುತ್ತಾರೆ. ಅಣ್ಣನ ಪ್ರತಿ ತಂದರೆ ಎರಡೂ ನಕ್ಷೆ ಜೊತೆಗೇ ಬರುತ್ತದೆ. ನಿನ್ನ ಪ್ರತಿ ನಿನಗೇ ಇರಲಿ. ಈಗ ಫ್ಯಾಮಿಲಿಯಲ್ಲಿ ಎರಡು ಪ್ರತಿ ಆಯಿತು. ಅಣ್ಣ ಬೆಂಗಳೂರಲ್ಲಿ ಆಡುವಾಗ ಅಪ್ಪನಿಗೆ ನಿನ್ನ ಪ್ರತಿ ಸಿಗುತ್ತದೆ. ಆದರೆ ಅದರಲ್ಲಿ ನಕ್ಷೆ ಇರುವುದಿಲ್ಲ, ಹಾಗಾಗಿ ಆ ಹೊತ್ತಿನಲ್ಲಿ ಅಪ್ಪ ಆ ಪ್ರೊಫೈಲ್ ತೆರೆಯಬಾರದು. ಇದನ್ನು ಅವರಿಗೆ ಕೂರಿಸಿ ಹೇಳಬೇಕು.

ಉಳಿದದ್ದು ಆರು ಲಾರಿಯನ್ನು ನಿನ್ನ ಖಾತೆಯಿಂದ ಅಪ್ಪನ ಖಾತೆಗೆ ದಾಟಿಸುವುದು. ಸೇವ್ ಫೈಲು ಸ್ಟೀಮ್ ಕ್ಲೌಡಿನಲ್ಲಿದ್ದರೆ ಖಾತೆಗೆ ಅಂಟಿಕೊಂಡಿರುತ್ತದೆ. ಅದು ಸ್ಟೀಮ್ ಫೋಲ್ಡರಿನ ಈ ಜಾಗದಲ್ಲಿದೆ:

```
userdata\<ನಿನ್ನ ನಂಬರು>\227300\remote\profiles
```

ಇಲ್ಲಿಯ ನಂಬರು LastOwner ನಂಬರಿಗಿಂತ ಚಿಕ್ಕದು. ಆ 17 ಅಂಕಿಯ ನಂಬರಿನಿಂದ 76561197960265728 ಕಳೆದರೆ ಬರುವುದೇ ಈ ಫೋಲ್ಡರಿನ ಹೆಸರು. ನಿಮ್ಮ ಕಂಪ್ಯೂಟರಲ್ಲಿ ಅಣ್ಣನದೂ ಒಂದು ಇರುತ್ತದೆ, ಗೊಂದಲ ಮಾಡಿಕೊಳ್ಳಬೇಡ. `profiles` ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವಿಗೆ ನಕಲು ಮಾಡು. ಒಳಗಿನ ಹೆಸರುಗಳು ಅಂಕಿ, ಅಕ್ಷರದ ಉದ್ದ ಸಾಲು ಇರುತ್ತವೆ. ಪ್ರೊಫೈಲಿನ ಹೆಸರನ್ನೇ ಆಟ ಹಾಗೆ ಬರೆದಿಡುವುದು. ಹೆಸರು ಬದಲಾಯಿಸಬೇಡ.

ನಕಲು ಆದ ಮೇಲೆ ಆಟ ತೆರೆ. ಪ್ರೊಫೈಲ್ ಆರಿಸುವ ಪರದೆಯಲ್ಲೇ ನಿಲ್ಲು. ಅಪ್ಪನ ಪ್ರೊಫೈಲನ್ನು ಎಡಿಟ್ ಮಾಡಿ ಸ್ಟೀಮ್ ಕ್ಲೌಡ್ ಬಳಸುವ ಗುರುತು ತೆಗೆ. ಒಳಗೆ ಹೋಗಬೇಡ. ಆಗ ಆ ಪ್ರೊಫೈಲ್ ಇಲ್ಲಿಗೆ ಬರುತ್ತದೆ:

```
Documents\Euro Truck Simulator 2\profiles
```

ಈ ಜಾಗ ಯಾವ ಸ್ಟೀಮ್ ಖಾತೆಗೂ ಅಂಟಿಲ್ಲ, ವಿಂಡೋಸ್‌ನ ಬಳಕೆದಾರನದ್ದು. ಅದೇ ವಿಂಡೋಸ್ ಲಾಗಿನ್‌ನಲ್ಲಿ ಸ್ಟೀಮ್ ಖಾತೆ ಬದಲಾಯಿಸಿ ಅಪ್ಪನದು ತೆರೆದರೆ ಪ್ರೊಫೈಲ್ ಅಲ್ಲೇ ಕಾಣಬೇಕು. ಎಚ್ಚರಿಕೆ ಬರದೆ ತೆರೆದರೆ ಅಣ್ಣನ ಪ್ರತಿ ಸಿಕ್ಕಿದೆ ಅಂತ ಅರ್ಥ. ಬಂದರೆ ವಾಪಸ್ ಬಾ, ನಿನ್ನ ಪ್ರತಿ ಸಿಕ್ಕಿದೆ.

---

ಓಂ ಬೀಚ್ ಗಾಳಿ
ಭಾನುವಾರ, ರಾತ್ರಿ 9:40

ಇದು ನನಗೂ ಹೊಸದು. ಒಂದು ಸಂಶಯ. ನೆಟ್ ಹೋದಾಗ ಎರವಲು ಆಟ ನಡೆಯುತ್ತದಾ? ನಮ್ಮಲ್ಲಿ ಗಾಳಿ ಮಳೆಗೆ ಎರಡು ದಿನ ನೆಟ್ ಇಲ್ಲದೆ ಇರುವುದೂ ಇದೆ. ನನಗೆ ಒಮ್ಮೆ ತೆರೆಯಲಿಲ್ಲ.

ಯಲ್ಲಾಪುರ ಘಟ್ಟ
ಭಾನುವಾರ, ರಾತ್ರಿ 9:52

ನನಗೆ ತೆರೆದಿದೆ. ನೆಟ್ ಇದ್ದಾಗ ಒಮ್ಮೆ ಆ ಖಾತೆಯಿಂದ ಆಟ ತೆರೆದು, ಆಮೇಲೆ ಸ್ಟೀಮನ್ನು Offline Mode ಗೆ ಹಾಕಿದ್ದೆ.

ಓಂ ಬೀಚ್ ಗಾಳಿ
ಭಾನುವಾರ, ರಾತ್ರಿ 9:58

ನಾನೂ ಹಾಗೇ ಮಾಡಿದ್ದೆ. ಆಗಲಿಲ್ಲ. ಆಟ ಬೇರೆ ಇರಬಹುದು.

---

ಬೈತಕೋಲದ ಹುಡುಗ
ಬುಧವಾರ, ರಾತ್ರಿ 8:45

ಮೂರು ದಿನ ಬರೆಯಲು ಆಗಲಿಲ್ಲ, ಪರೀಕ್ಷೆ ಇತ್ತು.

ಅಪ್ಪನಿಗೆ ಖಾತೆ ಮಾಡಿಸಿದೆ. ಪಾಸ್‌ವರ್ಡನ್ನು ಅವರ ಹಳೆಯ ಲಾರಿ ಡೈರಿಯಲ್ಲಿ ಅವರೇ ಬರೆದುಕೊಂಡರು. ಅಣ್ಣ ಬೆಂಗಳೂರಿನಿಂದ ಕರೆ ಕಳಿಸಿದ, ಇಲ್ಲಿ ಒಪ್ಪಿದೆವು. ಸೇರಿಸಿಕೊಂಡಿತು.

ನಕಲು ಮಾಡಿ, ಕ್ಲೌಡ್ ಗುರುತು ತೆಗೆದೆ. Documents ಒಳಗೆ ಪ್ರೊಫೈಲ್ ಬಂತು. ಅಪ್ಪನ ಖಾತೆಯಿಂದ ಮೊದಲ ಸಲ ತೆರೆದಾಗ ಅದೇ ಎಚ್ಚರಿಕೆ ಬಂತು. ಎದೆ ಧಸಕ್ ಅಂತು. ನೀವು ಹೇಳಿದ ಹಾಗೆ ವಾಪಸ್ ಬಂದೆ. ನನ್ನ ಪ್ರತಿಯನ್ನು ಎತ್ತಿಕೊಂಡಿತ್ತು. ಅಪ್ಪನ ಖಾತೆಯಲ್ಲಿ ಆಟದ Properties ನೋಡಿದಾಗ ಯಾರ ಪ್ರತಿ ಬೇಕು ಅಂತ ಆರಿಸುವ ಜಾಗ ಸಿಕ್ಕಿತು. ಅಣ್ಣನ ಹೆಸರು ಆರಿಸಿದೆ. ಡಿಎಲ್‌ಸಿ ಪಟ್ಟಿಯಲ್ಲಿ ಎರಡೂ ನಕ್ಷೆ ಬಂತು, ಪ್ರೊಫೈಲ್ ಎಚ್ಚರಿಕೆ ಇಲ್ಲದೆ ತೆರೆಯಿತು. ಆರೂ ಲಾರಿ ಇವೆ.

ನನ್ನ ಖಾತೆಯಲ್ಲಿ ಮಾತ್ರ ಅಂಥ ಜಾಗ ನನಗೆ ಕಾಣಲಿಲ್ಲ. ಸ್ವಂತ ಪ್ರತಿ ಇದ್ದವರಿಗೆ ಅಣ್ಣನ ಪ್ರತಿ ಆರಿಸಲು ಬರುತ್ತದಾ ಅಂತ ಯಾರಾದರೂ ನೋಡಿದ್ದೀರಾ?

---

ಅಂಕೋಲೆ ಸ್ಕ್ರೂಡ್ರೈವರ್
ಬುಧವಾರ, ರಾತ್ರಿ 9:10

ಓದಿ ಖುಷಿಯಾಯಿತು ತಮ್ಮಾ. ಒಂದು ಮಾತು ನೆನಪಿರಲಿ. ಈಗ ಅಪ್ಪನ ಪ್ರೊಫೈಲ್ ಕ್ಲೌಡಿನಲ್ಲಿ ಇಲ್ಲ, ಡಿಸ್ಕ್ ಹೋದರೆ ಅದೂ ಹೋಗುತ್ತದೆ. ಅಪ್ಪನ ಖಾತೆಯಲ್ಲಿ ಎರಡು ದಿನ ಸರಿಯಾಗಿ ನಡೆದ ಮೇಲೆ ಅದೇ ಗುರುತನ್ನು ಮತ್ತೆ ಹಾಕು. ಆಗ ಅವರ ಖಾತೆಯ ಕ್ಲೌಡಿಗೆ ಏರುತ್ತದೆ. ಪೆನ್‌ಡ್ರೈವಿನ ನಕಲು ಹಾಗೇ ಇರಲಿ.

ನಿನ್ನ ಪ್ರಶ್ನೆಗೆ ನಾನೂ ಈ ವಾರ ನಮ್ಮ ಮನೆಯ ಎರಡು ಖಾತೆಯಲ್ಲಿ ನೋಡಿ ಬರೆಯುತ್ತೇನೆ.

ತೋಟದ ಮನೆ
ಬುಧವಾರ, ರಾತ್ರಿ 9:30

ದುಡ್ಡು ವಾಪಸ್ ಕೇಳಿದಿರಾ ಕೊನೆಗೆ?

ಬೈತಕೋಲದ ಹುಡುಗ
ಬುಧವಾರ, ರಾತ್ರಿ 9:42

ಇಲ್ಲ. ಮುಂದಿನ ಸೇಲ್‌ನಲ್ಲಿ Scandinavia ನನ್ನ ಖಾತೆಗೇ ಕೊಳ್ಳುತ್ತೇನೆ. ಆಗ ಅಣ್ಣ ಆಡುವ ಹೊತ್ತಿನಲ್ಲೂ ಅಪ್ಪನಿಗೆ ಸ್ಟಾಕ್‌ಹೋಮ್ ಸಿಗುತ್ತದೆ. ಅಲ್ಲಿಯ ತನಕ ಭಾನುವಾರ ಬೆಳಿಗ್ಗೆ ಅಪ್ಪ, ಸಂಜೆ ಅಣ್ಣ ಅಂತ ಫೋನಿನಲ್ಲಿ ಮಾತಾಡಿಕೊಂಡಿದ್ದಾರೆ. ಈಗ ಅಪ್ಪ ಗ್ಯಾರೇಜಿನಿಂದ ಲಾರಿ ಹೊರಗೆ ತೆಗೆಯುತ್ತಿದ್ದಾರೆ, ನಾನು ಪಕ್ಕದಲ್ಲಿ ಕೂತಿದ್ದೇನೆ.